ಎಣ್ಣೆ ನೋಡಬೇಡಿ, ಹನಿ ನೋಡಿ

ಮೊದಲ ಒಬ್ಬೆ ಮಿರ್ಚಿ ಭಜಿ ಚೆನ್ನಾಗಿ ಬಂತು. ಎರಡನೆಯದು ಎಣ್ಣೆ ಕುಡಿದು ಮೆತ್ತಗಾಯಿತು. ಮೂರನೆಯದು ಹೊರಗೆ ಕಪ್ಪು, ಒಳಗೆ ಹಸಿ. ಕಡಾಯಿ ಅದೇ, ಎಣ್ಣೆ ಅದೇ, ಹಿಟ್ಟೂ ಅದೇ. ಗ್ಯಾಸಿನ ಉರಿಯನ್ನು ನಾನು ಮುಟ್ಟಿರಲೇ ಇಲ್ಲ.

ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಆವತ್ತು ಬೀಗರು ಬಂದಿದ್ದರು. ಹೊರಗೆ ಗಿರ್ಮಿಟ್ ಹಚ್ಚಿ ಕೊಟ್ಟಾಗಿತ್ತು, ಅದರ ಜೊತೆಗೆ ಬಿಸಿ ಮಿರ್ಚಿ ಹೋಗಬೇಕಿತ್ತು. ಅವ್ವ ಒಳಗೆ ಬಂದು ಮೂರನೇ ಒಬ್ಬೆ ನೋಡಿದಳು. ಏನೂ ಅನ್ನಲಿಲ್ಲ. ಗ್ಯಾಸ್ ಸಣ್ಣ ಮಾಡಿ, ಸುಟ್ಟವನ್ನೆಲ್ಲ ಒಂದು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದಳು.

ಉರಿಯನ್ನು ಮುಟ್ಟದೆ ಇದ್ದದ್ದೇ ತಪ್ಪು ಅಂತ ನನಗೆ ಗೊತ್ತಾಗಿದ್ದು ಕೆಲವು ದಿನ ಬಿಟ್ಟು. ಗಾಡಿ ಮೇಲೆ ಭಜಿ ಕರಿಯುವ ಕಾಕಾ ಒಬ್ಬರ ಮುಂದೆ ಪ್ಲೇಟ್ ಹಿಡಿದು ನಿಂತಿದ್ದೆ. ಪ್ರತಿ ಒಬ್ಬೆಗೂ ಮೊದಲು ಅವರು ಬೆರಳ ತುದಿಯಿಂದ ಒಂದು ಹನಿ ಹಿಟ್ಟನ್ನು ಎಣ್ಣೆಗೆ ಬಿಡುತ್ತಿದ್ದರು. ಬಿಟ್ಟು ಒಂದು ಕ್ಷಣ ನೋಡುತ್ತಿದ್ದರು. ಕೆಲವು ಸಲ ಕೂಡಲೇ ಮೆಣಸಿನಕಾಯಿ ಹಾಕುತ್ತಿದ್ದರು, ಕೆಲವು ಸಲ ಸುಮ್ನೆ ಕಾಯುತ್ತಿದ್ದರು. ಒಮ್ಮೆ ಡಬ್ಬಿಯಿಂದ ಒಂದು ಸೌಟು ತಣ್ಣನೆಯ ಎಣ್ಣೆ ಸುರಿದರು.

“ಎಣ್ಣಿ ಕಾದೈತಿ ಅಂತ ಹೆಂಗ ಗೊತ್ತಾಕ್ಕೈತ್ರಿ ಕಾಕಾ?” ಅಂದೆ.

“ಎಣ್ಣಿ ಏನ್ ನೋಡ್ತಿ? ಹನಿ ನೋಡು” ಅಂದರು. ಅಷ್ಟೇ. ಮುಂದಿನ ಗಿರಾಕಿಗೆ ಪೇಪರ್ ಹರಿದರು.

ಆ ಹನಿಯಲ್ಲಿ ಏನು ನೋಡಬೇಕು, ಯಾಕೆ ನೋಡಬೇಕು ಅನ್ನುವುದನ್ನು ನಾನು ಆಮೇಲೆ ಮನೆಯಲ್ಲಿ ಸಾಕಷ್ಟು ಎಣ್ಣೆ ಸುಟ್ಟು ಕಲಿತೆ.

ಗುಳ್ಳೆ ಎಣ್ಣೆಯದಲ್ಲ

ಭಜಿ ಹಾಕಿದಾಗ ಎಣ್ಣೆ ಕುದಿಯುತ್ತದೆ ಅನ್ನುತ್ತೇವೆ. ನಿಜವಾಗಿ ಎಣ್ಣೆ ಕುದಿಯುತ್ತಿಲ್ಲ. ಹಿಟ್ಟಿನೊಳಗಿನ ನೀರು ಕುದಿಯುತ್ತಿದೆ. ಕಾಣುವ ಪ್ರತಿ ಗುಳ್ಳೆಯೂ ಹಿಟ್ಟಿನಿಂದ ಹೊರಟ ಉಗಿ. ನೀರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಕುದಿಯುತ್ತದೆ, ಕರಿಯುವ ಎಣ್ಣೆ 160ರಿಂದ 190ರ ನಡುವೆ ಇರುತ್ತದೆ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಅದರ ಮೈಮೇಲಿನ ನೀರು ಉಗಿಯಾಗಿ ಹೊರಗೆ ನುಗ್ಗುತ್ತದೆ. ಮೇಲಿನ ಪದರ ಒಣಗಿ ಗಟ್ಟಿಯಾಗುತ್ತದೆ. ಒಣಗಿದ ಮೇಲೆಯೇ ಅದರ ಬಿಸಿ 100 ದಾಟಲು ಸಾಧ್ಯ, ದಾಟಿದ ಮೇಲೆಯೇ ಬಣ್ಣ ಬರುತ್ತದೆ. 140 ಡಿಗ್ರಿ ಆಸುಪಾಸಿನಿಂದ ಆ ಕಂದು ಬಣ್ಣ, ಆ ಕರಿದ ವಾಸನೆ ಬೇಗ ಬೇಗ ಏರತೊಡಗುತ್ತದೆ. ಒಳಗಿನ ಭಾಗದಲ್ಲಿ ನೀರು ಇರುವ ತನಕ ಅದು 100ರ ಆಚೆ ಹೋಗುವುದಿಲ್ಲ. ಅಂದರೆ ಭಜಿಯ ಹೊರಗೆ ಕರಿಯುವ ಕೆಲಸ, ಒಳಗೆ ಉಗಿಯಲ್ಲಿ ಬೇಯುವ ಕೆಲಸ, ಎರಡೂ ಒಟ್ಟಿಗೆ ನಡೆಯುತ್ತವೆ.

ಎಣ್ಣೆ ಸರಿಯಾಗಿ ಕಾದಿದೆ ಅಂದರೆ ಈ ಎರಡೂ ಕೆಲಸ ಒಂದೇ ಹೊತ್ತಿಗೆ ಮುಗಿಯುತ್ತವೆ ಅಂತ. ಎಣ್ಣೆ ತಣ್ಣಗಿದ್ದರೆ ಪದರ ಗಟ್ಟಿಯಾಗುವುದು ತಡ. ಭಜಿ ಹೆಚ್ಚು ಹೊತ್ತು ಎಣ್ಣೆಯಲ್ಲಿ ಬಿದ್ದಿರುತ್ತದೆ, ಜಾಳಾಗಿ ಎಣ್ಣೆ ಹಿಡಿಯುತ್ತದೆ. ಎಣ್ಣೆ ವಿಪರೀತ ಕಾದಿದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಬಣ್ಣ ಬಂದುಬಿಡುತ್ತದೆ. ನಾವು ಬಣ್ಣ ನೋಡಿ ಮೋಸ ಹೋಗಿ ತೆಗೆದುಬಿಡುತ್ತೇವೆ.

ಈಗ ಒಂದು ಲೆಕ್ಕ ನೋಡಿ. ಈ ಒಂದೇ ಲೆಕ್ಕ ನನ್ನ ಮೂರು ಒಬ್ಬೆಗಳ ಕಥೆಯನ್ನು ಬಿಡಿಸಿತು. ನೀರನ್ನು ಉಗಿ ಮಾಡುವುದಕ್ಕೆ ಬಹಳ ಶಾಖ ಬೇಕು. ಒಂದು ದೊಡ್ಡ ಚಮಚ, ಅಂದರೆ 15 ಮಿಲಿ ನೀರು ಪೂರ್ತಿ ಉಗಿಯಾಗಬೇಕಾದರೆ ಅದು ಎಳೆದುಕೊಳ್ಳುವ ಶಾಖದಿಂದ 1 ಲೀಟರ್ ಎಣ್ಣೆ ಸುಮಾರು 20 ಡಿಗ್ರಿ ಇಳಿಯುತ್ತದೆ. ಒಂದೇ ಚಮಚ ನೀರಿಗೆ! ಎಣ್ಣೆಗೆ ಶಾಖ ಹಿಡಿದಿಟ್ಟುಕೊಳ್ಳುವ ಶಕ್ತಿ ನೀರಿನ ಅರ್ಧದಷ್ಟು ಮಾತ್ರ. ಹಾಗಾಗಿ ಅದು ಬೇಗ ಕಾಯುತ್ತದೆ, ಬೇಗ ಇಳಿಯುತ್ತದೆ.

ಇನ್ನೊಂದು ಕಡೆಯಿಂದ ಗ್ಯಾಸ್ ಶಾಖ ಕೊಡುತ್ತಿರುತ್ತದೆ. ಮನೆಯ ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿದ್ದರೆ, ಕಡಾಯಿಯಲ್ಲಿ 1 ಲೀಟರ್ ಎಣ್ಣೆ ಮಾತ್ರ ಇದ್ದರೆ, ಅದು ನಿಮಿಷಕ್ಕೆ ಸುಮಾರು 30 ಡಿಗ್ರಿ ಏರುತ್ತದೆ. ತಣ್ಣನೆಯ ಎಣ್ಣೆ ಕರಿಯುವ ಹದಕ್ಕೆ ಬರಲು ಐದು ನಿಮಿಷ ಹಿಡಿಯುವುದು ಇದಕ್ಕೇ.

ಎಣ್ಣೆಯ ಬಿಸಿ ಅನ್ನುವುದು ಒಮ್ಮೆ ಕಾಯಿಸಿ ಬಿಟ್ಟರೆ ನಿಲ್ಲುವ ವಸ್ತು ಅಲ್ಲ. ಒಂದು ಕಡೆ ಗ್ಯಾಸ್ ಎತ್ತುತ್ತಿದೆ, ಇನ್ನೊಂದು ಕಡೆ ಹಿಟ್ಟಿನ ನೀರು ಎಳೆಯುತ್ತಿದೆ. ಈ ಜಗ್ಗಾಟದಲ್ಲಿ ಈಗ ಯಾರು ಗೆಲ್ಲುತ್ತಿದ್ದಾರೆ ಅಂತ ಹೇಳುವುದು ಆ ಹನಿ.

ಹನಿ ಓದುವುದು ಹೇಗೆ

ಕಡಲೆ ಹಿಟ್ಟಿನ ಹನಿ ಎಣ್ಣೆಗಿಂತ ಭಾರ. ಬಿಟ್ಟರೆ ಮುಳುಗಲೇಬೇಕು. ಆದರೆ ಮುಳುಗುತ್ತಿದ್ದಂತೆ ಅದರ ಒಳಗೆ, ಸುತ್ತ ಉಗಿ ಹುಟ್ಟುತ್ತದೆ. ಉಗಿ ತುಂಬಿಕೊಂಡ ಹನಿ ಹಗುರವಾಗಿ ಮೇಲೆ ಏಳುತ್ತದೆ. ಎಣ್ಣೆ ಎಷ್ಟು ಬಿಸಿಯೋ ಉಗಿ ಅಷ್ಟು ಬೇಗ, ಹನಿ ಅಷ್ಟು ಕಡಿಮೆ ಮುಳುಗುತ್ತದೆ. ಮೇಲೆ ಬಂತಾ ಇಲ್ಲವಾ ಅಂತ ಮಾತ್ರ ನೋಡಿದರೆ ಸಾಲದು, ಬಹಳ ಜನ ಅಲ್ಲೇ ಎಡವುತ್ತಾರೆ. ಹನಿ ಎಷ್ಟು ಆಳಕ್ಕೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಅನ್ನುವುದನ್ನು ನೋಡಬೇಕು.

ಮೊದಲು ಒಣಗಿದ ಝಾರಾದಿಂದ ಎಣ್ಣೆಯನ್ನು ನಿಧಾನಕ್ಕೆ ಒಮ್ಮೆ ತಿರುವಿ. ತಳದ ಎಣ್ಣೆ ಒಂದು ಬಿಸಿ, ಮೇಲಿನದು ಒಂದು ಬಿಸಿ ಇದ್ದರೆ ಹನಿ ಸುಳ್ಳು ಹೇಳುತ್ತದೆ. ಆಮೇಲೆ ಶೇಂಗಾ ಕಾಳಿನಷ್ಟು ಹಿಟ್ಟನ್ನು ಎಣ್ಣೆಯ ಹತ್ತಿರ ಕೈ ತಂದು ಬಿಡಿ. ಎತ್ತರದಿಂದ ಬಿಟ್ಟರೆ ಬೀಳುವ ರಭಸಕ್ಕೇ ಆಳಕ್ಕೆ ಹೋಗುತ್ತದೆ. ಎಣ್ಣೆ ಕನಿಷ್ಠ ಎರಡು ಇಂಚು ಆಳ ಇರಲಿ. ಬಿಟ್ಟ ಕೂಡಲೇ ಮನಸ್ಸಿನಲ್ಲೇ ಎಣಿಸಿ, ಗಡಿಯಾರದ ಮುಳ್ಳಿನ ಲಯದಲ್ಲಿ: ಒಂದು, ಎರಡು, ಮೂರು.

ಹನಿ ತಳಕ್ಕೆ ಹೋಗಿ ಅಲ್ಲೇ ಕೂತು, ಒಂದೋ ಎರಡೋ ಸಣ್ಣ ಗುಳ್ಳೆ ಬಿಡುತ್ತಿದ್ದರೆ ಎಣ್ಣೆ ಇನ್ನೂ 140ರ ಕೆಳಗಿದೆ. ಯಾವುದಕ್ಕೂ ಆಗದು. ತಳಕ್ಕೆ ಹೋಗಿ ಮೂರು, ನಾಲ್ಕು ಎಣಿಸುವಷ್ಟರಲ್ಲಿ ಸೋಮಾರಿಯಂತೆ ಎದ್ದು ಬಂದರೆ 150–160. ತಳ ಮುಟ್ಟಿದ ಹಾಗೆ ಮಾಡಿ, ಎರಡು ಎಣಿಸುವ ಮೊದಲೇ ತಿರುಗಿ ಬಂದರೆ 165–170. ಇದು ವಡೆಯ ಹದ. ಅರ್ಧ ದಾರಿಗೆ ಹೋಗಿ, ಒಂದು ಎಣಿಸಿ ಮುಗಿಸುವಷ್ಟರಲ್ಲಿ ಮೇಲೆ ಬಂದು, ಸುತ್ತಲೂ ಚುರುಕಾಗಿ ಗುಳ್ಳೆ ಬಿಡುತ್ತ ತಿರುಗಿದರೆ 175–185. ಭಜಿ, ಬೋಂಡಾಕ್ಕೆ ಇದೇ ಹದ. ಮುಳುಗುವ ಗೋಜಿಗೇ ಹೋಗದೆ ಮೇಲೇ ಓಡಾಡಿ, ಹತ್ತು ಎಣಿಸುವುದರೊಳಗೆ ಕಂದಾಗಿಬಿಟ್ಟರೆ 200 ದಾಟಿದೆ. ಗ್ಯಾಸ್ ಸಣ್ಣ ಮಾಡಿ.

ಈ ಡಿಗ್ರಿಗಳು ಸುಮಾರು ಲೆಕ್ಕ. ನಿಮ್ಮ ಹಿಟ್ಟು ತೆಳುವಾಗಿದ್ದರೆ, ಎಣ್ಣೆ ಹೆಚ್ಚು ಆಳವಿದ್ದರೆ ಎಣಿಕೆ ಸ್ವಲ್ಪ ಆಚೀಚೆ ಆಗುತ್ತದೆ. ಆದರೆ ಒಂದೇ ಕಡಾಯಿ, ಒಂದೇ ಅಳತೆಯ ಹನಿ ಇಟ್ಟುಕೊಂಡರೆ ನಾಲ್ಕಾರು ಸಲದಲ್ಲಿ ಕೈಗೆ ಕೂಡುತ್ತದೆ. ಸೋಡಾ ಬಗ್ಗೆ ಮಾತ್ರ ಎಚ್ಚರ. ಅಡಿಗೆ ಸೋಡಾ ಹಾಕಿದ ಹಿಟ್ಟಿನಲ್ಲಿ ಮೊದಲೇ ಗಾಳಿ ಗುಳ್ಳೆ ಇರುತ್ತವೆ, ಅದು ಕಡಿಮೆ ಬಿಸಿಗೂ ಬೇಗ ಮೇಲೆ ಬರುತ್ತದೆ. ಸೋಡಾ ಹಾಕುವ ಮೊದಲೇ ಒಂದು ಚಮಚ ಹಿಟ್ಟನ್ನು ಬಟ್ಟಲಲ್ಲಿ ತೆಗೆದಿಟ್ಟುಕೊಂಡರೆ ಕೊನೆಯ ಒಬ್ಬೆಯ ತನಕ ಹನಿ ಒಂದೇ ಭಾಷೆ ಆಡುತ್ತದೆ.

ನನ್ನ ಮೂರು ಒಬ್ಬೆ

ಈಗ ಆ ಸಂಜೆಗೆ ವಾಪಸ್ ಬರುತ್ತೇನೆ. ಕಡಾಯಿಯಲ್ಲಿ 1 ಲೀಟರ್ ರಿಫೈನ್ಡ್ ಶೇಂಗಾ ಎಣ್ಣೆ. ಕಾಲು ಕಿಲೋ ಕಡಲೆ ಹಿಟ್ಟು, ಅದಕ್ಕೆ ಉಪ್ಪು, ಅಜವಾನ, ಚಿಟಿಕೆ ಸೋಡಾ, ಸೌಟಿನ ಹಿಂಬದಿಗೆ ದಪ್ಪಗೆ ಅಂಟುವಷ್ಟು ನೀರು. ಉದ್ದನೆಯ, ಖಾರ ಕಡಿಮೆ ಇರುವ ಹಸಿರು ಮೆಣಸಿನಕಾಯಿ, ಹೊಟ್ಟೆ ಸೀಳಿ ಜೀರಿಗೆ ಉಪ್ಪು ಸವರಿದ್ದು.

ಮೊದಲ ಒಬ್ಬೆಗೆ ಐದು ಹಾಕಿದೆ. ಐದು ಮೆಣಸಿನಕಾಯಿ ಸುಮಾರು 150 ಗ್ರಾಂ ಹಿಟ್ಟು ಹೊತ್ತುಕೊಂಡು ಇಳಿಯುತ್ತವೆ. ಕರಿದು ಮುಗಿಯುವ ಮೂರೂವರೆ ನಿಮಿಷದಲ್ಲಿ ಅವುಗಳಿಂದ ಎರಡೂವರೆ ಚಮಚದಷ್ಟು ನೀರು ಉಗಿಯಾಗಿ ಹೋಗುತ್ತದೆ ಅಂತ ಹಿಡಿಯಿರಿ. ಅದಕ್ಕೆ 50 ಡಿಗ್ರಿ. ತಣ್ಣನೆಯ ಹಿಟ್ಟು, ಮೆಣಸಿನಕಾಯಿ ಬಿಸಿಯಾಗುವುದಕ್ಕೆ ಇನ್ನೊಂದು 35. ಒಟ್ಟು 85 ಡಿಗ್ರಿಯಷ್ಟು ಎಳೆತ. ಅಷ್ಟೇ ಹೊತ್ತಿನಲ್ಲಿ ಗ್ಯಾಸ್ ಕೊಡುವುದು 100 ಡಿಗ್ರಿಯಷ್ಟು. ಮೊದಲ ನಿಮಿಷದಲ್ಲಿ ಎಳೆತ ಜೋರು, ಎಣ್ಣೆ 180ರಿಂದ 160ರ ಹತ್ತಿರ ಇಳಿಯುತ್ತದೆ. ಆಮೇಲೆ ಉಗಿ ಕಡಿಮೆಯಾಗಿ ಮತ್ತೆ ಏರುತ್ತದೆ. ತೆಗೆಯುವ ಹೊತ್ತಿಗೆ ಹೆಚ್ಚುಕಡಿಮೆ ಶುರುವಾದಲ್ಲೇ ಬಂದು ನಿಂತಿರುತ್ತದೆ. ಈ ಒಬ್ಬೆ ಚೆನ್ನಾಗಿ ಬಂದದ್ದರಲ್ಲಿ ನನ್ನ ಜಾಣತನ ಏನೂ ಇರಲಿಲ್ಲ.

ಎರಡನೇ ಒಬ್ಬೆಗೆ ಅವಸರ ಮಾಡಿದೆ. ಒಂಬತ್ತು ಹಾಕಿದೆ. ಎಳೆತ 150 ಡಿಗ್ರಿಯಷ್ಟಾಯಿತು, ಗ್ಯಾಸ್ ಕೊಟ್ಟದ್ದು ಅದೇ 100. ಉಳಿದ 50 ಡಿಗ್ರಿ ಎಲ್ಲಿಂದ ಬರಬೇಕು? ಎಣ್ಣೆಯಿಂದಲೇ. 180ರಲ್ಲಿದ್ದ ಎಣ್ಣೆ 130ಕ್ಕೆ ಬಂದು ಕೂತಿತು. ಹಾಕಿದಾಗ ಭೋರ್ಗರೆದ ಗುಳ್ಳೆ ಅರ್ಧ ನಿಮಿಷದಲ್ಲಿ ಸಣ್ಣಗಾಯಿತು, ಶಬ್ದ ಮೆತ್ತಗಾಯಿತು. ಭಜಿಗಳು ಒಂದಕ್ಕೊಂದು ಅಂಟಿಕೊಂಡು ಬಿಳಿಚಿಕೊಂಡೇ ಇದ್ದವು. ಬಣ್ಣ ಬರಲಿ ಅಂತ ನಾನು ಕಾದೆ. ತಟ್ಟೆಗೆ ಹಾಕಿದಾಗ ಕೆಳಗಿನ ಪೇಪರ್ ಆರಪಾರ ಕಾಣುವಷ್ಟು ಎಣ್ಣೆ.

ಶಬ್ದ ಬೇಗ ಕುಗ್ಗಿದ್ದೇ ಇಲ್ಲಿ ಗುರುತು. ಒಬ್ಬೆ ಹಾಕಿದ ಮೇಲೆ ಮೊದಲ ಒಂದೂವರೆ ನಿಮಿಷ ಗುಳ್ಳೆಗಳು ಜೋರಾಗಿಯೇ ಇರಬೇಕು. ಕೊನೆಗೆ ಕಡಿಮೆಯಾದರೆ ನೀರು ಮುಗಿದಿದೆ, ಭಜಿ ಆಗಿದೆ ಅಂತ ಅರ್ಥ. ಬಣ್ಣ ಬರುವ ಮೊದಲೇ, ಆರಂಭದಲ್ಲೇ ಕುಗ್ಗಿದರೆ ಎಣ್ಣೆ ಸೋತಿದೆ ಅಂತ ಅರ್ಥ. ಅಂಥಾ ಹೊತ್ತಲ್ಲಿ ಮಾಡಬೇಕಾದ್ದು ಒಂದೇ: ನಾಲ್ಕೈದು ಭಜಿ ತೆಗೆದು ಪಕ್ಕಕ್ಕಿಟ್ಟು, ಉಳಿದವಕ್ಕೆ ಎಣ್ಣೆ ಬಿಟ್ಟುಕೊಡುವುದು. ತೆಗೆದವನ್ನು ಆಮೇಲೆ ಹದವಾದ ಎಣ್ಣೆಯಲ್ಲಿ ಒಂದು ನಿಮಿಷ ಮತ್ತೆ ಕರಿದರೆ ಬಹುಮಟ್ಟಿಗೆ ಸರಿಹೋಗುತ್ತವೆ.

ಮೂರನೆಯದು? ಎರಡನೇ ಒಬ್ಬೆ ತೆಗೆದು, ತಟ್ಟೆ ಹಿಡಿದು ಹೊರಗೆ ಹೋದೆ. ಬೀಗರು ಮಾತಿಗೆ ಹಿಡಿದುಕೊಂಡರು, ಮೂರು ನಿಮಿಷ. ಗ್ಯಾಸ್ ಪೂರ್ತಿ ಉರಿಯಲ್ಲೇ ಇತ್ತು. ಕಡಾಯಿಯಲ್ಲಿ ಎಳೆಯುವ ಹಿಟ್ಟು ಒಂದು ಚೂರೂ ಇರಲಿಲ್ಲ. 130ರಲ್ಲಿದ್ದ ಎಣ್ಣೆ ನಿಮಿಷಕ್ಕೆ 30ರಂತೆ ಏರಿ 220 ಆಯಿತು. ಹೊಗೆ ಬಂದಿರಲಿಲ್ಲ, ಹಾಗಾಗಿ ಅನುಮಾನವೂ ಬರಲಿಲ್ಲ. ಐದು ಮೆಣಸಿನಕಾಯಿ ಬಿಟ್ಟೆ. ಒಂದು ನಿಮಿಷದಲ್ಲಿ ಕಪ್ಪು. ಮುರಿದು ನೋಡಿದರೆ ಮೆಣಸಿನಕಾಯಿಗೆ ಅಂಟಿದ ಕಡೆ ಹಿಟ್ಟು ಹಸಿ ಹಸಿ.

ಉರಿ ಮುಟ್ಟದೆ ಇದ್ದದ್ದು ತಪ್ಪು ಅಂದದ್ದು ಇದಕ್ಕೇ. ಈಗ ನಾನು ಮಾಡುವುದು ಇಷ್ಟು. ಎಣ್ಣೆ ಹದಕ್ಕೆ ಬರುವ ತನಕ ಉರಿ ಜೋರು. ಭಜಿ ಬಿಟ್ಟಾಗಲೂ ಜೋರು, ಯಾಕೆಂದರೆ ಆಗಲೇ ಎಳೆತ ಜಾಸ್ತಿ. ಬಣ್ಣ ತಿರುಗಲು ಶುರುವಾದಾಗ ಮಧ್ಯಮ. ತೆಗೆಯುವಾಗ ಸಣ್ಣ. ಮತ್ತೆ ಹನಿ ಬಿಟ್ಟು ನೋಡಿ, ಅದು ಹೇಳಿದ ಹಾಗೆ. ಒಂದೊಂದು ಒಬ್ಬೆಗೆ ಎಣ್ಣೆಯ ಮೇಲ್ಮೈ ಅರ್ಧಕ್ಕಿಂತ ಜಾಸ್ತಿ ತುಂಬುವುದಿಲ್ಲ.

ಕಾಕಾ ತಣ್ಣನೆಯ ಎಣ್ಣೆ ಸುರಿದದ್ದೂ ಆಮೇಲೆ ಅರ್ಥವಾಯಿತು. 200 ಡಿಗ್ರಿಗೆ ಹೋದ 1 ಲೀಟರ್ ಎಣ್ಣೆಗೆ 100 ಮಿಲಿ ತಣ್ಣನೆಯ ಎಣ್ಣೆ ಸೇರಿಸಿದರೆ ಅದು ಕೂಡಲೇ 185ರ ಹತ್ತಿರ ಇಳಿಯುತ್ತದೆ. ಗ್ಯಾಸ್ ಸಣ್ಣ ಮಾಡಿ ತಾನಾಗಿ ಇಳಿಯಲಿ ಅಂತ ಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು, ಅದರಲ್ಲೂ ದಪ್ಪ ಕಬ್ಬಿಣದ ಕಡಾಯಿ ಆದರೆ. ದಪ್ಪ ಕಡಾಯಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಬಿದ್ದಾಗ ಎಣ್ಣೆ ಅಷ್ಟು ಬೇಗ ಸೋಲುವುದಿಲ್ಲ, ಹೆಚ್ಚಾದ ಬಿಸಿ ಅಷ್ಟು ಬೇಗ ಇಳಿಯುವುದೂ ಇಲ್ಲ. ತೆಳು ಸ್ಟೀಲ್ ಕಡಾಯಿ ಎರಡರಲ್ಲೂ ಚಂಚಲ. ನನ್ನದು ಆವತ್ತು ತೆಳು ಸ್ಟೀಲಿನದೇ, ಹೇಳಲೇಬೇಕು.

ಉದ್ದಿನ ವಡೆಗೆ ಹನಿ ಸುಳ್ಳು ಹೇಳುತ್ತದೆ

ಕಡಲೆ ಹಿಟ್ಟಿನ ಹನಿ ಓದಲು ಕಲಿತ ಹುಮ್ಮಸ್ಸಿನಲ್ಲಿ ನಾನು ಉದ್ದಿನ ವಡೆಗೂ ಅದೇ ಮಾಡಿದೆ. ಉದ್ದಿನ ಹಿಟ್ಟಿನ ಹನಿ ಬಿಟ್ಟೆ, ಕ್ಷಣದಲ್ಲಿ ಮೇಲೆ ಬಂತು. ವಡೆ ಬಿಟ್ಟೆ. ಎಂಟು ನಿಮಿಷ ಬಿಳಿಯಾಗಿ ತೇಲುತ್ತಲೇ ಇದ್ದವು.

ಚೆನ್ನಾಗಿ ರುಬ್ಬಿದ ಉದ್ದಿನ ಹಿಟ್ಟು ಗಾಳಿ ತುಂಬಿಕೊಂಡು ಉಬ್ಬಿರುತ್ತದೆ. ನೀರಿಗೆ ಹಾಕಿದರೆ ತೇಲಬೇಕು, ಆಗಲೇ ರುಬ್ಬಿದ್ದು ಸಾಕು ಅಂತ ಅವ್ವ ಹೇಳುವುದು. ಅಷ್ಟು ಹಗುರವಾದ ಹಿಟ್ಟಿಗೆ ಎಣ್ಣೆಯಲ್ಲಿ ಮೇಲೇಳಲು ಹೆಚ್ಚು ಉಗಿ ಬೇಕಾಗುವುದಿಲ್ಲ. ಎಣ್ಣೆ ಹದಕ್ಕೆ ಬರುವ ಬಹಳ ಮೊದಲೇ ಬಂದುಬಿಡುತ್ತದೆ. ಹಾಗಾಗಿ ಇಲ್ಲಿ ಹನಿ ಏಳುವುದನ್ನು ನೋಡಿ ಪ್ರಯೋಜನ ಇಲ್ಲ. ವಡೆ ಮಾಡುವ ದಿನವೂ ಎರಡು ಚಮಚ ಕಡಲೆ ಹಿಟ್ಟನ್ನು ನೀರಲ್ಲಿ ಕಲಸಿ ಪಕ್ಕಕ್ಕಿಟ್ಟುಕೊಳ್ಳಿ. ಅದರ ಹನಿಯಿಂದಲೇ ನೋಡಿ. ಸಣ್ಣ ಕೆಲಸ, ಆದರೆ ಒಂದು ಒಬ್ಬೆ ವಡೆ ಉಳಿಯುತ್ತದೆ.

ವಡೆಗೆ ಬೇಕಾದ ಬಿಸಿ ಭಜಿಗಿಂತ ಕಡಿಮೆ, 165–170. ಕಾರಣ ದಪ್ಪ. ಭಜಿಯಲ್ಲಿ ಬೇಯಬೇಕಾದ ಹಿಟ್ಟು ಒಂದು ತೆಳು ಹೊದಿಕೆ. ವಡೆಯಲ್ಲಿ ಇಡೀ ಮುದ್ದೆಯೇ ಹಸಿ ಹಿಟ್ಟು. ದಪ್ಪ ಎರಡು ಪಟ್ಟಾದರೆ ನಡುವಿನ ತನಕ ಬಿಸಿ ಮುಟ್ಟಲು ಬೇಕಾದ ಹೊತ್ತು ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. ಅಷ್ಟು ಹೊತ್ತು ಹೊರಮೈ ಸುಡದೆ ಕಾಯಬೇಕು ಅಂದರೆ ಎಣ್ಣೆ ಸ್ವಲ್ಪ ತಾಳ್ಮೆಯಿಂದ ಇರಬೇಕು. ನಡುವೆ ತೂತು ಮಾಡುವುದೂ ಇದಕ್ಕೇ. ಬಿಸಿ ಒಳಗಿನಿಂದಲೂ ಬಂದರೆ ದಾಟಬೇಕಾದ ದೂರ ಅರ್ಧವಾಗುತ್ತದೆ. ತೂತಿಲ್ಲದೆ ದಪ್ಪಗೆ ಉಂಡೆ ಬಿಡುವವರು ಉರಿ ಇನ್ನೂ ಸ್ವಲ್ಪ ಸಣ್ಣ ಇಡಬೇಕು.

ವಡೆ ವಿಪರೀತ ಬಿಸಿ ಎಣ್ಣೆಗೆ ಬಿದ್ದರೆ ಇನ್ನೊಂದು ಅಪಾಯವಿದೆ. ಹೊರಪದರ ಬೇಗ ಮುಚ್ಚಿಕೊಂಡು, ಒಳಗೆ ಸಿಕ್ಕಿಬಿದ್ದ ಗಾಳಿ, ಉಗಿಗೆ ದಾರಿ ಸಿಗದೆ ವಡೆ ಸಿಡಿಯುತ್ತದೆ. ಎಣ್ಣೆ ಮುಖಕ್ಕೇ ಹಾರುತ್ತದೆ. ಹೊಗೆಯಾಡುವ ಎಣ್ಣೆಗೆ ವಡೆ ಹಾಕಲೇಬಾರದು.

ಬೋಂಡಾದ್ದು ಇದಕ್ಕೆ ತಿರುಗುಮುರುಗು. ಬೆಳಗಾವಿ ಕಡೆ ಪಾವ್ ನಡುವೆ ಇಟ್ಟು ಕೊಡುವ ಬಟಾಟೆ ವಡಾ ಆಗಲಿ, ನಮ್ಮ ಮನೆಯ ಆಲೂಗಡ್ಡೆ ಬೋಂಡಾ ಆಗಲಿ, ಒಳಗಿನ ಪಲ್ಯ ಮೊದಲೇ ಬೆಂದಿರುತ್ತದೆ. ಆಗಬೇಕಾದ್ದು ಮೇಲಿನ ಹೊದಿಕೆ ಮಾತ್ರ. ನೋಡಲು ವಡೆಗಿಂತ ದೊಡ್ಡದಾದರೂ ಅದಕ್ಕೆ 180 ಬೇಕು, ಎರಡೂವರೆ ಮೂರು ನಿಮಿಷ ಸಾಕು. ದೊಡ್ಡದು ಅಂತ ಸಣ್ಣ ಉರಿಯಲ್ಲಿ ಬಿಟ್ಟರೆ ಹೊದಿಕೆ ಗಟ್ಟಿಯಾಗುವ ಮೊದಲೇ ಪಲ್ಯದ ಉಗಿ ಅದನ್ನು ಸೀಳುತ್ತದೆ. ಪಲ್ಯ ಎಣ್ಣೆಗೆ ಬೀಳುತ್ತದೆ, ಎಣ್ಣೆ ಕೆಡುತ್ತದೆ. ಪಲ್ಯ ಫ್ರಿಜ್‌ನಿಂದ ತೆಗೆದು ಹಾಗೇ ಉಂಡೆ ಕಟ್ಟಬೇಡಿ, ಅದು ಎಣ್ಣೆಯನ್ನು ಇನ್ನಷ್ಟು ಎಳೆಯುತ್ತದೆ.

ಉಳ್ಳಾಗಡ್ಡಿ ಭಜಿಗೆ 175 ಸಾಕು. ಉಳ್ಳಾಗಡ್ಡಿಯಲ್ಲಿ ಸಕ್ಕರೆ ಇದೆ, ತುದಿಗಳು ಬೇಗ ಕಪ್ಪಾಗುತ್ತವೆ.

ಬೇರೆ ಪರೀಕ್ಷೆಗಳು

ಹಿಟ್ಟು ಹಾಳು ಮಾಡಲು ಮನಸ್ಸಿಲ್ಲದವರು ಮರದ ಸೌಟಿನ ಹಿಡಿಯನ್ನು ಎಣ್ಣೆಯ ತಳಕ್ಕೆ ಊರಿ ನೋಡುತ್ತಾರೆ. ಮರದೊಳಗಿನ ಅಲ್ಪ ತೇವ ಉಗಿಯಾಗಿ ಸಣ್ಣ ಗುಳ್ಳೆ ಬರುತ್ತದೆ. ಬಿಡಿ ಬಿಡಿಯಾಗಿ ಬಂದರೆ 160ರ ಆಸುಪಾಸು, ಒಂದೇ ಸಮ ದಾರದಂತೆ ಬಂದರೆ 180. ಪರೀಕ್ಷೆ ತಪ್ಪಲ್ಲ. ಆದರೆ ಅದು ಮರದ ತೇವವನ್ನು ನಂಬಿಕೊಂಡಿದೆ. ಒಲೆ ಪಕ್ಕದಲ್ಲೇ ವರ್ಷಗಟ್ಟಲೆ ಒಣಗಿದ ಸೌಟು ಬಿಸಿ ಎಣ್ಣೆಯಲ್ಲೂ ಸುಮ್ಮನಿರುತ್ತದೆ. ಈಗಷ್ಟೇ ತೊಳೆದದ್ದು ಹದಕ್ಕೆ ಬಾರದ ಎಣ್ಣೆಯಲ್ಲೂ ಗಲಾಟೆ ಮಾಡುತ್ತದೆ. ಪಾವ್‌ನ ಒಂದು ಇಂಚಿನ ತುಂಡು ಇನ್ನೂ ವಾಸಿ. ಒಂದು ನಿಮಿಷದಲ್ಲಿ ಬಂಗಾರದ ಬಣ್ಣಕ್ಕೆ ಬಂದರೆ ಸುಮಾರು 180. ಆದರೆ ಪ್ರತಿ ಒಬ್ಬೆಗೂ ಒಂದು ನಿಮಿಷ ಯಾರು ಕಾಯುತ್ತಾರೆ? ಅಷ್ಟರಲ್ಲಿ ಎಣ್ಣೆಯೇ 30 ಡಿಗ್ರಿ ಏರಿರುತ್ತದೆ.

ಹೊಗೆ ಬಂದರೆ ಕಾದಿದೆ ಅನ್ನುವುದನ್ನು ಮಾತ್ರ ಬಿಟ್ಟುಬಿಡಿ. ಹೊಗೆ ಎಣ್ಣೆಯ ಜಾತಿಯನ್ನು ಹೇಳುತ್ತದೆ, ಕರಿಯುವ ಹದವನ್ನಲ್ಲ. ರಿಫೈನ್ಡ್ ಶೇಂಗಾ ಎಣ್ಣೆ ಸುಮಾರು 230ಕ್ಕೆ ಹೊಗೆಯಾಡುತ್ತದೆ, ಅಂದರೆ ಭಜಿಯ ಹದ ದಾಟಿ 50 ಡಿಗ್ರಿ ಆದ ಮೇಲೆ. ಗಾಣದ ಶೇಂಗಾ ಎಣ್ಣೆ 160ರ ಹತ್ತಿರವೇ ಹೊಗೆ ಬಿಡಲು ಶುರುಮಾಡಬಹುದು. ನಮ್ಮ ಕಡೆಯ ಗಾಣದ ಕುಸುಬಿ ಎಣ್ಣೆ ಅದಕ್ಕೂ ಮೊದಲೇ. ಚಟ್ನಿಪುಡಿ ಮೇಲೆ ಹಸಿಯಾಗಿ ಸುರಿದುಕೊಳ್ಳಲು ಆ ಎಣ್ಣೆಗೆ ಸಾಟಿ ಇಲ್ಲ, ಭಜಿಯ ಕಡಾಯಿಗೆ ಅದು ಬೇಡ. ಒಮ್ಮೆ ಕರಿದ ಎಣ್ಣೆಯೂ ಹೊಸದಕ್ಕಿಂತ ಬೇಗ ಹೊಗೆಯಾಡುತ್ತದೆ. ಅದರಲ್ಲೂ ತಳದಲ್ಲಿ ಹಿಟ್ಟಿನ ಚೂರು ಸುಟ್ಟು ಕೂತಿದ್ದರೆ. ಪ್ರತಿ ಒಬ್ಬೆ ಆದ ಮೇಲೆ ಆ ಚೂರನ್ನು ಝಾರಾದಿಂದ ಎತ್ತಿಬಿಡಿ. ಪರೀಕ್ಷೆಗೆ ಬಿಟ್ಟ ಹನಿಗಳನ್ನೂ.

ನೀರು ಚಿಮುಕಿಸಿ ನೋಡುವ ಅಭ್ಯಾಸವೂ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿದು ಅಲ್ಲಿ ಒಮ್ಮೆಗೇ ಉಗಿಯಾಗುತ್ತದೆ. ಉಗಿಯಾದಾಗ ಅದು ಮೊದಲಿಗಿಂತ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಮೇಲಿದ್ದ ಎಣ್ಣೆಯನ್ನು ಎತ್ತಿ ಎಸೆದೇ ಅದು ಜಾಗ ಮಾಡಿಕೊಳ್ಳುವುದು. ಹಿಟ್ಟಿನ ಹನಿಯಲ್ಲೂ ನೀರಿದೆ, ಆದರೆ ಅದನ್ನು ಹಿಟ್ಟು ಹಿಡಿದಿಟ್ಟು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಮೆಣಸಿನಕಾಯಿ ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸುವುದೂ ಇದೇ ಕಾರಣಕ್ಕೆ. ಎಣ್ಣೆಗೆ ಬೆಂಕಿಯೇ ಹತ್ತಿಕೊಂಡರೆ ಆಗಲೂ ನೀರು ಹಾಕಬಾರದು. ಗ್ಯಾಸ್ ಆರಿಸಿ, ಕಡಾಯಿಯನ್ನು ದೊಡ್ಡ ತಟ್ಟೆಯಿಂದ ಮುಚ್ಚಿ, ಪೂರ್ತಿ ಆರುವ ತನಕ ತೆಗೆಯಬೇಡಿ.

ತೆಗೆಯುವಾಗ

ಎಣ್ಣೆ ಭಜಿಯೊಳಗೆ ಹೋಗುವುದು ಕರಿಯುವಾಗ ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಪಾಲು ಹೋಗುವುದು ತೆಗೆದ ಮೇಲೆ. ಕಡಾಯಿಯಲ್ಲಿ ಇರುವ ತನಕ ಉಗಿ ಒಳಗಿನಿಂದ ಹೊರಗೆ ನುಗ್ಗುತ್ತಿರುತ್ತದೆ, ಎಣ್ಣೆಗೆ ಒಳಗೆ ಬರಲು ಸುಲಭಕ್ಕೆ ದಾರಿ ಸಿಗುವುದಿಲ್ಲ. ಹೊರಗೆ ತೆಗೆದು ಭಜಿ ಆರತೊಡಗಿದಾಗ ಒಳಗಿನ ಉಗಿ ಮತ್ತೆ ನೀರಾಗಿ ಕುಗ್ಗುತ್ತದೆ, ಖಾಲಿಯಾದ ಸಣ್ಣ ಸಣ್ಣ ತೂತುಗಳು ಮೈಮೇಲೆ ಅಂಟಿದ್ದ ಎಣ್ಣೆಯನ್ನು ಹೀರಿಕೊಳ್ಳುತ್ತವೆ.

ಹಾಗಾಗಿ ತೆಗೆದ ಮೊದಲ ಅರ್ಧ ನಿಮಿಷ ಮುಖ್ಯ. ಭಜಿಯನ್ನು ಝಾರಾದಲ್ಲಿ ಎತ್ತಿ ಕಡಾಯಿಯ ಅಂಚಿಗೆ ಎರಡು ಸಲ ಬಡಿದು, ಬಿಸಿ ಇರುವಾಗಲೇ ಎಣ್ಣೆ ಸೋರಿಸಬೇಕು. ಬಿಸಿ ಎಣ್ಣೆ ತೆಳು, ಬೇಗ ಜಾರುತ್ತದೆ. ಆರಿದ ಮೇಲೆ ದಪ್ಪಗಾಗಿ ಅಲ್ಲೇ ಕೂರುತ್ತದೆ. ಆಮೇಲೆ ಜಾಲರಿ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಮೇಲಿನವುಗಳ ಎಣ್ಣೆಯನ್ನೂ, ಉಗಿಯನ್ನೂ ಹಿಡಿದು ಮೆತ್ತಗಾಗುತ್ತವೆ. ಮುಚ್ಚಳ ಹಾಕಿದರಂತೂ ಮುಗಿಯಿತು, ಅವ್ವ ನನ್ನ ಸುಟ್ಟ ಒಬ್ಬೆಗೆ ಹಾಕಿದಂಥಾ ಮುಚ್ಚಳಕ್ಕೆ ಮಾತ್ರ ಮಾಫಿ.

ಕೊನೆಯ ಒಬ್ಬೆಗೆ ಗ್ಯಾಸ್ ಮೊದಲೇ ಆರಿಸಿ ಉಳಿದ ಬಿಸಿಯಲ್ಲೇ ಮುಗಿಸಬೇಡಿ. ಕಡಾಯಿಗೆ ಅವನ್ನೆಲ್ಲ ಹೊರುವಷ್ಟು ಶಾಖ ಉಳಿದಿರುವುದಿಲ್ಲ. ಭಜಿ ಝಾರಾಕ್ಕೆ ಬಂದ ಮೇಲೆಯೇ ಗುಂಡಿ ತಿರುಗಿಸಿ.